ಎರಡೂ ತಂಡ ಸೇರಿ ಶೇ 105 ಗೆಲ್ಲೋದು ಹೇಗೆ? ಗಣಿತ ಮೇಷ್ಟ್ರೊಬ್ಬರ ಪಾಠ

ಹಲಗೆಯ ಮೇಲೆ ಮೇಷ್ಟ್ರು ಬರೆದಿದ್ದು ಎರಡೇ ಸಂಖ್ಯೆ. ಎ ತಂಡ 1.80, ಬಿ ತಂಡ 2.00. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ, ಹತ್ತನೇ ತರಗತಿ, ನಲವತ್ತು ಮಕ್ಕಳು. 'ಇದೇನು ಅಂತ ಯಾರಿಗೆ ಗೊತ್ತು?' ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಮೆಲ್ಲಗೆ ಒಂದು ದನಿ: 'ಸಾರ್, ಬೆಟ್ಟಿಂಗ್ ರೇಟು.' ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಬೈಯಲಿಲ್ಲ. 'ಸರಿಯಾಗಿ ಹೇಳ್ದೆ. ನೂರು ರೂಪಾಯಿ ಕಟ್ಟಿ ಎ ಗೆದ್ದರೆ, ಕಟ್ಟಿದ ನೂರೂ ಸೇರಿ 180 ವಾಪಸ್. ಬಿ ಗೆದ್ದರೆ 200. ಇವತ್ತು ಯಾರು ಗೆಲ್ತಾರೆ ಅಂತ ನಾನು ಕೇಳಲ್ಲ, ನೀವೂ ಹೇಳಬಾರದು' ಅಂದರು.

ಈ ಪಾಠ ಕೇಳೋಕೆ ಹೋಗಿದ್ದಕ್ಕೆ ಕಾರಣ ಇದೆ. ಆನ್‌ಲೈನ್ ಬೆಟ್ಟಿಂಗ್ ತಡೆಯೋಕೆ ನಾವು ಇಲ್ಲಿವರೆಗೆ ನಂಬಿರೋದು ಕಾನೂನನ್ನು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಆದರೂ ಹಿಂದಿನ ಬೆಂಚಿನ ಹುಡುಗನಿಗೆ 1.80 ಅಂದರೆ ಏನು ಅಂತ ಗೊತ್ತು. ಜೂಜು ಕೆಟ್ಟದ್ದು ಅಂತ ಅವನಿಗೆ ನೂರು ಸಲ ಹೇಳಿದರೂ 'ನಂಗೆ ಕ್ರಿಕೆಟ್ ಗೊತ್ತು' ಅನ್ನೋ ಅವನ ವಾದಕ್ಕೆ ಉತ್ತರ ಕೊಟ್ಟಂತಾಗಲ್ಲ. ಆ ಉತ್ತರ ಇರೋದು ಸಂಭವನೀಯತೆಯ ಅಧ್ಯಾಯದಲ್ಲಿ. ಅಲ್ಲಿ ಈಗಲೂ 52 ಎಲೆಯ ಇಸ್ಪೀಟ್ ಕಟ್ಟಿನ ಲೆಕ್ಕಗಳಿವೆ, ಅದಕ್ಕೆ ಮಾತ್ರ ಯಾರೂ ತಕರಾರು ತೆಗೆದಿಲ್ಲ!

ಮೇಷ್ಟ್ರು ಮೊದಲು ಮಾಡಿಸಿದ್ದು ಭಾಗಾಕಾರ. ದರದಿಂದ ಒಂದನ್ನು ಭಾಗಿಸಿದರೆ, ಆ ಬೆಲೆಯ ಹಿಂದೆ ಎಷ್ಟು ಸಂಭವನೀಯತೆ ಅಡಗಿದೆ ಅಂತ ಗೊತ್ತಾಗುತ್ತೆ. 1 ಭಾಗಿಸು 1.80 ಅಂದರೆ 0.556. 1 ಭಾಗಿಸು 2.00 ಅಂದರೆ 0.500. ಕೂಡಿದರೆ 1.056. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. 'ಸಾರ್, ಎಲ್ಲೋ ತಪ್ಪಾಗಿದೆ. ಒಂದು ಬರಬೇಕು.' ಎಲ್ಲ ಫಲಿತಾಂಶಗಳ ಸಂಭವನೀಯತೆ ಕೂಡಿದರೆ ಒಂದೇ ಬರಬೇಕು ಅನ್ನೋದು ಆ ಅಧ್ಯಾಯದ ಮೊದಲ ಪಾಠ. ಎರಡು ತಂಡ ಸೇರಿ ಶೇ 105.6 ಗೆಲ್ಲೋಕೆ ಆಗಲ್ಲ.

ನಿಜ ಹೇಳಬೇಕಂದ್ರೆ, ಎಂಜಿನಿಯರಿಂಗ್‌ನಲ್ಲಿ ಎಂ-4 ಪೇಪರ್‌ನಲ್ಲಿ ಬೇಯ್ಸ್ ಪ್ರಮೇಯ ಬರೆದು ಪಾಸಾದ ನಾನು ಈ ಭಾಗಾಕಾರವನ್ನು ಒಮ್ಮೆಯೂ ಮಾಡಿರಲಿಲ್ಲ.

'ತಪ್ಪಲ್ಲ. ಈಗ ನೀವು ಗಿರಾಕಿ ಅಲ್ಲ, ಅಂಗಡಿಯವರು' ಅಂದರು ಮೇಷ್ಟ್ರು. ಯಾರು ಗೆದ್ದರೂ ಅಂಗಡಿ ಒಟ್ಟು 1,000 ರೂಪಾಯಿ ಕೊಡಬೇಕು ಅಂತಿಟ್ಟುಕೊಳ್ಳಿ. 1.80ರ ದರದಲ್ಲಿ ಎ ಕಡೆಯವರಿಂದ ಸುಮಾರು 556 ರೂಪಾಯಿ ತಗೊಂಡಿರಬೇಕು, ಬಿ ಕಡೆಯವರಿಂದ 500. ಗಲ್ಲಾದಲ್ಲಿ 1,056 ಇದೆ, ಕೊಡೋದು 1,000. ಉಳಿದಿದ್ದು 56. 'ಅಂಗಡಿಯವನು ಮ್ಯಾಚ್ ನೋಡಬೇಕಾ?' 'ಬೇಡ ಸಾರ್' ಅಂತ ಇಡೀ ಕ್ಲಾಸು ಕೂಗಿತು.

ಇಲ್ಲೊಂದು ಮಾತು ಸೇರಿಸಬೇಕು. ಎರಡೂ ಕಡೆ ದುಡ್ಡು ಯಾವಾಗಲೂ ಹೀಗೆ ಸರಿಯಾಗಿ ಹಂಚಿಕೊಂಡು ಬರಲ್ಲ. ಎಲ್ಲರೂ ಎ ಮೇಲೆ ಕಟ್ಟಿದರೆ ಅಂಗಡಿಯವನು ಎ ದರ ಇಳಿಸಿ, ಬಿ ದರ ಏರಿಸಿ, ದುಡ್ಡನ್ನು ಆ ಕಡೆ ಎಳೀತಾನೆ. ಹಾಗಾಗಿ ದರ ಇಳಿದಾಗಲೆಲ್ಲ 'ಒಳಗಿನ ಸುದ್ದಿ' ಇದೆ ಅಂತ ಅಲ್ಲ. ಎಷ್ಟೋ ಸಲ ಅದು ಬರೀ ದುಡ್ಡಿನ ಭಾರ. 0.556 ಅನ್ನೋದು ಎ ತಂಡದ ಬಲದ ಅಳತೆಯೂ ಅಲ್ಲ, ಅದು ಬೆಲೆ. 1.056ರಿಂದ ಭಾಗಿಸಿ ಲಾಭ ತೆಗೆದರೆ 0.526 ಸಿಗುತ್ತೆ. ಅದೂ ಅಂದಾಜೇ, ಯಾಕಂದ್ರೆ ಲಾಭವನ್ನು ಎರಡೂ ಕಡೆ ಸಮನಾಗಿ ಸೇರಿಸಿರಲೇಬೇಕು ಅಂತ ಇಲ್ಲ. ಗೆಲ್ಲೋದು ಕಷ್ಟ ಅನ್ನೋ ತಂಡದ ಮೇಲೆ ಹೆಚ್ಚು ಹೇರಿರೋದೇ ಜಾಸ್ತಿ.

ಆಮೇಲೆ ಬಂತು ನಾನು ಕಾಯ್ತಿದ್ದ ಪ್ರಶ್ನೆ. 'ಸಾರ್, ಆದ್ರೂ ಗೆದ್ದಿರೋರು ಇದಾರಲ್ಲ? ನಮ್ಮೂರಲ್ಲೇ ಒಬ್ಬರು ಬೈಕ್ ತಗೊಂಡ್ರು.'

ಮೇಷ್ಟ್ರು ಉತ್ತರ ಹೇಳದೆ, ಪ್ರತಿಯೊಬ್ಬರೂ ನಾಣ್ಯವನ್ನು 20 ಸಲ ಚಿಮ್ಮಿ, ತಲೆ ಬಿದ್ದದ್ದನ್ನು ಗೀಟು ಹಾಕಿ ಎಣಿಸಿ ಅಂದರು. ಎಣಿಕೆ ಮುಗಿಯೋವರೆಗೂ ದುಡ್ಡಿನ ಮಾತೇ ಇಲ್ಲ. ಮುಂಚೆ ಹೇಳಿದ್ದರೆ ಅದು ಆಟ ಆಗಿಬಿಡುತ್ತೆ, ಮಕ್ಕಳು ತಲೆ ಬೀಳಲಿ ಅಂತ ಹಾರೈಸೋಕೆ ಶುರು ಮಾಡ್ತಾರೆ ಅನ್ನೋದು ಅವರ ಲೆಕ್ಕಾಚಾರ. ಎಣಿಕೆ ಮುಗಿದ ಮೇಲೆ ಹೇಳಿದರು. ಸಮಬಲದ ಎರಡು ತಂಡ, ಎರಡಕ್ಕೂ ದರ 1.90. ನ್ಯಾಯವಾಗಿ 2.00 ಇರಬೇಕಿತ್ತು, ಹತ್ತು ಪೈಸೆ ಅಂಗಡಿಯದ್ದು. ತಲೆ ಬಿದ್ದರೆ 90 ಲಾಭ, ಬೀಳದಿದ್ದರೆ 100 ನಷ್ಟ. 20ರಲ್ಲಿ 10 ತಲೆ ಬಿದ್ದವನಿಗೆ 900 ಬಂತು, 1,000 ಹೋಯ್ತು. ಲಾಭ ಬೇಕಂದ್ರೆ 11 ಬೇಕು. '11 ಅಥವಾ ಜಾಸ್ತಿ ಬಂದವರು ಎದ್ದು ನಿಲ್ಲಿ.'

ಹದಿನೇಳು ಮಕ್ಕಳು ನಿಂತರು. ಲೆಕ್ಕದ ಪ್ರಕಾರ ಇದರ ಸಂಭವನೀಯತೆ 0.41, ಅಂದರೆ ನಲವತ್ತರಲ್ಲಿ ಹದಿನಾರು. 'ಬೈಕ್ ತಗೊಂಡೋರು ಇವರೇ' ಅಂದರು ಮೇಷ್ಟ್ರು. ಇವರಿಗೆ ನಾಣ್ಯದ ವಿದ್ಯೆ ಏನೂ ಗೊತ್ತಿಲ್ಲ. ಆದರೆ ಬಸ್‌ ಸ್ಟ್ಯಾಂಡ್ ಹತ್ತಿರ ನಿಂತು ಮಾತಾಡೋರು ಈ ಹದಿನೇಳು ಜನ, ಕೂತಿರೋ ಇಪ್ಪತ್ಮೂರು ಜನ ಮನೇಲೂ ಬಾಯಿ ಬಿಡಲ್ಲ. ಇದೇ ಮಕ್ಕಳು ತಲಾ 200 ಸಲ ಚಿಮ್ಮಿದರೆ ಲಾಭದಲ್ಲಿ ಉಳಿಯೋರು ಒಂಬತ್ತು ಜನ ಇರಬಹುದು. 1,000 ಸಲಕ್ಕೆ ಇಬ್ಬರು. ಮೊದಲ ತಿಂಗಳು ಗೆದ್ದವನು ವರ್ಷದ ಕೊನೆಗೆ ಸಾಲ ಮಾಡಿರೋದರಲ್ಲಿ ಮೋಸವೇ ಇರಬೇಕಿಲ್ಲ, ಆ ಹತ್ತು ಪೈಸೆ ಸಾಕು.

ಕ್ರಿಕೆಟ್ ನಾಣ್ಯ ಅಲ್ಲ ಅನ್ನೋದು ನಿಜ. ತಿಳಿದವನು ನಾಣ್ಯಕ್ಕಿಂತ ಚೆನ್ನಾಗಿ ಊಹಿಸಬಹುದು. ಆದರೆ 1.90ರ ದರದಲ್ಲಿ ಬರೀ ಸಮಕ್ಕೆ ಬರೋಕೇ ನೂರರಲ್ಲಿ ಸುಮಾರು 53 ಸಲ ಸರಿ ಹೇಳಬೇಕು. ಅವನ ಕ್ರಿಕೆಟ್ ಜ್ಞಾನ ಮೊದಲೇ ಆ ದರದೊಳಗೆ ಸೇರಿಹೋಗಿರುತ್ತೆ, ಯಾಕಂದ್ರೆ ಅವನಿಗೆ ಗೊತ್ತಿರೋದು ದರ ಹಾಕಿದವನಿಗೂ ಗೊತ್ತು.

ಒಂದು ವಿಷಯದಲ್ಲಿ ನನಗೂ ಮೇಷ್ಟ್ರಿಗೂ ಒಪ್ಪಿಗೆ ಆಗಲಿಲ್ಲ. ಹಲವು ಮ್ಯಾಚ್‌ಗಳನ್ನು ಒಟ್ಟಿಗೆ ಕಟ್ಟುವ ಕಾಂಬೊ ಬೆಟ್ಟನ್ನು ಅವರು ಮುಟ್ಟಲೇ ಇಲ್ಲ. 1.90ರ ಐದು ಮ್ಯಾಚ್ ಗುಣಿಸಿದರೆ ನೂರು ರೂಪಾಯಿಗೆ 2,476 ಬರುತ್ತೆ ಅಂತ ಆಸೆ ತೋರಿಸ್ತಾರೆ. ಸಮಬಲದ ಐದು ಮ್ಯಾಚ್ ಎಲ್ಲವೂ ಸರಿಯಾಗೋದು 32ರಲ್ಲಿ ಒಂದು ಸಲ, ಹಾಗಾಗಿ ನ್ಯಾಯದ ಬೆಲೆ 3,200. ಒಂದು ಮ್ಯಾಚ್‌ನಲ್ಲಿ ನೂರಕ್ಕೆ ಐದು ರೂಪಾಯಿ ಇದ್ದ ಅಂಗಡಿಯ ಪಾಲು ಇಲ್ಲಿ 22 ದಾಟುತ್ತೆ. ಇದನ್ನೂ ಹೇಳಿಕೊಡಬೇಕಿತ್ತು ಅಂದೆ. 'ಹಲಗೆ ಮೇಲೆ 2,476 ಅಂತ ಬರೆದರೆ ಮಕ್ಕಳ ಕಣ್ಣಿಗೆ ಅದೊಂದೇ ಕಾಣೋದು, 3,200 ಕಾಣಲ್ಲ' ಅಂದರು. ಮೂವತ್ತು ವರ್ಷದಲ್ಲಿ ಒಂದು ದಿನವೂ ಕ್ಲಾಸ್ ತಗೊಳ್ಳದ ನಾನು ಇನ್ನೇನು ವಾದ ಮಾಡಲಿ. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮಕ್ಕಳು ಆ ಸಂಖ್ಯೆಯನ್ನು ಮೊದಲು ಫೋನಿನಲ್ಲಿ ನೋಡೋದಕ್ಕಿಂತ ಹಲಗೆಯ ಮೇಲೆ ನೋಡಲಿ.

ಗಂಟೆ ಹೊಡೀತು. ಮುಂದೆ ಹಿಂದಿ ಪೀರಿಯಡ್. ಮೇಷ್ಟ್ರು ಹಲಗೆ ಒರೆಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗ ನೋಟ್ಸ್ ಹಿಡಿದು ಬಂದ. 1.65 ಮತ್ತು 2.20 ಅಂತ ಎರಡು ದರ ಬರೆದುಕೊಂಡು ಭಾಗಿಸಿದ್ದ. 'ಸಾರ್, ಇದರಲ್ಲಿ ಇನ್ನೂ ಜಾಸ್ತಿ ಹೊಡೀತಾರೆ. 1.06 ಬಂತು.' ಲೆಕ್ಕ ಸರಿಯಿತ್ತು. ಆ ದರ ಅವನಿಗೆ ಎಲ್ಲಿಂದ ಸಿಕ್ಕಿತು ಅಂತ ಮೇಷ್ಟ್ರು ಕೇಳಲಿಲ್ಲ, ನಾನೂ ಕೇಳಲಿಲ್ಲ.