ತೊಗರಿಯ ದರವೂ ಬಿತ್ತನೆಯ ಕಾಲವೂ

ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ರೈತಬಾಂಧವರಲ್ಲಿ ಒಂದು ವಿಜ್ಞಾಪನೆ

2014 ಮತ್ತು 2015ರಲ್ಲಿ ಎರಡು ವರ್ಷ ಮೇಲಿಂದ ಮೇಲೆ ಮುಂಗಾರು ಕೈಕೊಟ್ಟ ಕಾರಣ ದೇಶದಲ್ಲಿ ತೊಗರಿಯ ಫಸಲು ಕ್ಷೀಣಿಸಿ, 2015ರ ಕೊನೆಯ ತಿಂಗಳುಗಳಲ್ಲಿ ಪೇಟೆಯ ದರವು ಕ್ವಿಂಟಲಿಗೆ 10,000 ರೂಪಾಯಿಗಳನ್ನು ದಾಟಿದುದೂ, ಪಟ್ಟಣಗಳಲ್ಲಿ ಬೇಳೆಯು ಕಿಲೋಗೆ 200 ರೂಪಾಯಿಗಳ ಹತ್ತಿರಕ್ಕೆ ಹೋದುದೂ ನಮ್ಮ ಭಾಗದ ಹಿರಿಯರಿಗೂ ಕಿರಿಯರಿಗೂ ನೆನಪಿರುವ ಸಂಗತಿ. ಮರುವರ್ಷ ಮಳೆ ಬಂದಿತು. ಕೂರಿಗೆ ಹೂಡಿದ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಆ ಹತ್ತು ಸಾವಿರದ ಅಂಕಿಯೇ ನಿಂತಿತ್ತು. ದೇಶದ ತೊಗರಿಯ ಕ್ಷೇತ್ರವು ಸುಮಾರು 40 ಲಕ್ಷ ಹೆಕ್ಟೇರುಗಳಿಂದ 53 ಲಕ್ಷಕ್ಕೆ ಏರಿತು, ಉತ್ಪನ್ನವಾದರೋ ಸುಮಾರು 25 ಲಕ್ಷ ಟನ್ನುಗಳಿಂದ 48 ಲಕ್ಷ ಟನ್ನುಗಳಿಗೆ ಜಿಗಿಯಿತು. 2017ರ ಆರಂಭದಲ್ಲಿ ರಾಶಿ ಮುಗಿಸಿ ಪೇಟೆಗೆ ಬಂದ ರೈತನಿಗೆ ದೊರೆತುದು, ಕೇಂದ್ರ ಸರ್ಕಾರದ 5,050 ರೂಪಾಯಿಗಳ ಬೆಂಬಲ ಬೆಲೆಯೂ ಅಲ್ಲ. ಹಲವೆಡೆ ದರವು 4,000ದ ಆಸುಪಾಸಿಗೆ ಕುಸಿಯಿತು.

ಈ ಅಂಕಿಗಳಲ್ಲಿ ಒಂದು ವಿಷಯವನ್ನು ನಿಧಾನವಾಗಿ ಪರಿಶೀಲಿಸಬೇಕು. ಬಿತ್ತಿದ ನೆಲ ಹೆಚ್ಚಿದುದು ಮೂರನೆಯ ಒಂದು ಭಾಗದಷ್ಟು ಮಾತ್ರ. ಬೆಳೆ ಹೆಚ್ಚಿದುದು ಇಮ್ಮಡಿಯ ಸಮೀಪ. ಉಳಿದುದನ್ನು ಕೊಟ್ಟದ್ದು ಮಳೆ. ಬೆಲೆ ಏರಿದ ವರ್ಷವು ಸಾಮಾನ್ಯವಾಗಿ ಮಳೆ ಕೆಟ್ಟ ವರ್ಷವೇ ಆಗಿರುವುದರಿಂದ, ಅದರ ಮುಂದಿನ ವರ್ಷ ಮಳೆಯು ಕೇವಲ ಎಂದಿನಂತೆ ಬಂದರೂ ಎಕರೆಯ ಇಳುವರಿ ತಾನಾಗಿಯೇ ಏರುತ್ತದೆ. ಅದರ ಮೇಲೆ ನಾವು ಎಕರೆಗಳನ್ನೂ ಏರಿಸಿದರೆ ಎರಡು ಏರಿಕೆಗಳು ಒಂದನ್ನೊಂದು ಗುಣಿಸುತ್ತವೆ. ಒಬ್ಬನೂ ಒಂದೆಕರೆ ಹೆಚ್ಚು ಬಿತ್ತದಿದ್ದರೂ ಆ ಹತ್ತು ಸಾವಿರದ ದರ ನಿಲ್ಲುತ್ತಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ.

ಇನ್ನು ಉಣ್ಣುವವರ ಕಡೆಯನ್ನು ನೋಡೋಣ. ಬೇಳೆಯ ದರ ಅರ್ಧಕ್ಕಿಳಿಯಿತೆಂದು ಯಾವ ಮನೆಯಲ್ಲಿಯೂ ಎರಡು ಪಾತ್ರೆ ಸಾರು ಕುದಿಯುವುದಿಲ್ಲ. ದರ ಇಮ್ಮಡಿಯಾಯಿತೆಂದು ಬೇಳೆಯನ್ನು ಪೂರ್ತಿಯಾಗಿ ಬಿಡುವುದೂ ಇಲ್ಲ. ಆದುದರಿಂದ ಮಾಲು ತುಸು ಕಡಿಮೆಯಾದರೆ ಬೆಲೆ ಅಪಾರವಾಗಿ ಏರುತ್ತದೆ, ತುಸು ಹೆಚ್ಚಾದರೆ ಅಷ್ಟೇ ವೇಗದಿಂದ ಬೀಳುತ್ತದೆ. ಜರ್ಮನಿಯಲ್ಲಿ ಆರ್ಥರ್ ಹನಾವ್ ಎಂಬ ಅರ್ಥಶಾಸ್ತ್ರಜ್ಞನು 1920ರ ದಶಕದಲ್ಲಿಯೇ ಹಂದಿ ಸಾಕುವವರ ನಡುವೆ ಇದೇ ಏರಿಳಿತವನ್ನು ಗುರುತಿಸಿದ್ದನು. ಇಂದಿನ ದರ ನೋಡಿ ಸಾಕಲು ತೊಡಗಿದವನ ಮಾಲು ಪೇಟೆಗೆ ಬರುವುದು ತಿಂಗಳುಗಳ ಅನಂತರ, ಆಗ ಅವನಂತೆಯೇ ಎಣಿಸಿದವರೆಲ್ಲರ ಮಾಲೂ ಜೊತೆಗೇ ಬರುತ್ತದೆ. ನಮ್ಮ ತೊಗರಿಗೂ ಈ ಅಂತರ ದೀರ್ಘವಾದುದೇ: ಜನವರಿಯಲ್ಲಿ ಕಂಡ ದರದ ಮೇಲೆ ಜೂನ್‌ನಲ್ಲಿ ಬಿತ್ತಿ, ಮತ್ತೊಂದು ಜನವರಿಯಲ್ಲಿ ಮಾರಬೇಕು.

ಈ ಎಣಿಕೆಯನ್ನು ಮಾಡಿದವರು ನಾವು ಮಾತ್ರವೂ ಅಲ್ಲ. ಬರ್ಮಾದ, ಮೊಜಾಂಬಿಕ್‌ನ, ತಾಂಜಾನಿಯಾದ ರೈತರೂ ಭಾರತದ ದರವನ್ನು ನಂಬಿಯೇ ತೊಗರಿ ಬಿತ್ತುವವರು. 2016ರ ಜುಲೈಯಲ್ಲಿ ಭಾರತವು ಮೊಜಾಂಬಿಕ್‌ನೊಡನೆ ಬೇಳೆಕಾಳುಗಳ ಆಮದಿನ ಒಪ್ಪಂದವನ್ನೂ ಮಾಡಿಕೊಂಡಿತು. ನಮ್ಮ ಹೊಲಗಳಲ್ಲಿ ತೊಗರಿ ಆಗತಾನೆ ಮೊಳೆಯುತ್ತಿದ್ದ ಕಾಲವದು. 2017ರ ಆಗಸ್ಟಿನಲ್ಲಿ ಸರ್ಕಾರವು ಆಮದನ್ನು ವರ್ಷಕ್ಕೆ 2 ಲಕ್ಷ ಟನ್ನುಗಳಿಗೆ ಮಿತಿಗೊಳಿಸಿದಾಗ, ಇಲ್ಲಿನ ರೈತನ ಮಾಲು ಬಹುಮಟ್ಟಿಗೆ ಮಾರಿಹೋಗಿತ್ತು. ಅಲ್ಲಿನ ಬಡ ರೈತನ ಮಾಲಿಗೆ ಕೊಳ್ಳುವವರು ಇಲ್ಲವಾದರು. ಬಾಗಿಲು ತೆರೆದುದೂ ಮುಚ್ಚಿದುದೂ ಎರಡೂ ಕಾಲ ಮೀರಿದ ಮೇಲೆಯೇ.

ರೈತನು ಆಸೆಬುರುಕನಾದುದರಿಂದ ಹೀಗಾಯಿತು ಎನ್ನುವವರನ್ನು ನಾನು ಒಪ್ಪಲಾರೆ. ಹತ್ತೆಕರೆಯ ಒಕ್ಕಲಿಗನೊಬ್ಬನ ಲೆಕ್ಕವನ್ನು ಉದಾಹರಣೆಗೆಂದು ಹಾಕಿ ನೋಡೋಣ. ಬರದ ವರ್ಷ ಅವನು ಮೂರೆಕರೆ ತೊಗರಿ ಹಾಕಿ, ಎಕರೆಗೆ ನಾಲ್ಕು ಕ್ವಿಂಟಲಿನಂತೆ ಹನ್ನೆರಡು ಕ್ವಿಂಟಲ್ ಬೆಳೆದು, ಹತ್ತು ಸಾವಿರಕ್ಕೆ ಮಾರಿದರೆ 1,20,000 ರೂಪಾಯಿ. ಎಕರೆಗೆ 12,000ದಂತೆ ಖರ್ಚು 36,000 ಕಳೆದು ಉಳಿದುದು 84,000. ಮರುವರ್ಷ ಸೋಯಾ, ಉದ್ದುಗಳ ನೆಲವನ್ನೂ ಸೇರಿಸಿ ಏಳೆಕರೆ ಹಾಕಿ, ಒಳ್ಳೆಯ ಮಳೆಗೆ ಎಕರೆಗೆ ಐದರಂತೆ ಮೂವತ್ತೈದು ಕ್ವಿಂಟಲ್ ಬೆಳೆದು, ನಾಲ್ಕು ಸಾವಿರಕ್ಕೆ ಮಾರಿದರೆ 1,40,000. ಖರ್ಚು 84,000 ಹೋಗಿ ಉಳಿದುದು 56,000. ರಾಶಿ ಸುಮಾರು ಮೂರು ಪಟ್ಟು, ಉಳಿಕೆ ಮೂರನೆಯ ಎರಡು ಭಾಗ. ಆ ನಾಲ್ಕೆಕರೆಯ ಸೋಯಾ, ಉದ್ದುಗಳು ದಸರೆ-ದೀಪಾವಳಿಯ ಹೊತ್ತಿಗೆ ಕೊಡುತ್ತಿದ್ದ ಕೈಗಾಸು ಬೇರೆ ಹೋಯಿತು. ಹೊಲವನ್ನು ಲಾವಣಿಗೆ ಹಿಡಿದವನಾದರೆ ಅವನ ಗತಿ ಇನ್ನೂ ಕಠಿಣ, ಏಕೆಂದರೆ ಬೆಲೆ ಏರಿದ ವರ್ಷದ ಬೆನ್ನಿಗೇ ಲಾವಣಿಯ ಮೊತ್ತವೂ ಏರುತ್ತದೆ.

ಇದೇ ಮೂವತ್ತೈದು ಕ್ವಿಂಟಲನ್ನು ಆ ವರ್ಷ ರಾಜ್ಯದ 450 ರೂಪಾಯಿ ಪ್ರೋತ್ಸಾಹಧನ ಸೇರಿದ 5,500ರ ದರಕ್ಕೆ ಕೊಡಲು ಸಾಧ್ಯವಾಗಿದ್ದರೆ 1,08,500 ಉಳಿಯುತ್ತಿತ್ತು. ಆದರೆ ಖರೀದಿ ಕೇಂದ್ರ ತಡವಾಗಿ ತೆರೆಯುವುದು, ಗೋಣಿಚೀಲ ಮುಗಿದು ತೂಕ ನಿಲ್ಲುವುದು, ಒಬ್ಬನಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿ ಬೀಳುವುದು ಇವೆಲ್ಲವೂ ನಮಗೆ ಪರಿಚಿತ. ಸಾಲದ ಕಂತು ಎದುರಿಗಿರುವವನು ಅಷ್ಟರೊಳಗೆ ಅಡತಿ ಅಂಗಡಿಗೆ ಮಾಲು ಹಾಕಿರುತ್ತಾನೆ.

ನೆಲಕ್ಕಾಗುವ ಹಾನಿಯನ್ನೂ ಹೇಳಬೇಕು. ತೊಗರಿಯ ನೆಟೆರೋಗದ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರತಕ್ಕದ್ದು. ತೊಗರಿಯ ಮೇಲೆ ತೊಗರಿಯನ್ನೇ ಬಿತ್ತಿದ ಹೊಲದಲ್ಲಿ ಹೂ ಕಾಯಿ ಹಿಡಿಯುವ ಹೊತ್ತಿಗೆ ಅಲ್ಲಲ್ಲಿ ಗಿಡಗಳು ಬಾಡಿ ಒಣಗುತ್ತವೆ; ಅಂತಹ ಗಿಡದ ಬೇರುಬುಡವನ್ನು ಸೀಳಿದರೆ ಒಳಗೆ ಕಂದು-ಕಪ್ಪು ಗೆರೆ ಕಾಣುತ್ತದೆ. ದರದ ಆಸೆಯಿಂದ ಬೆಳೆ ಬದಲಾವಣೆಯನ್ನು ಬಿಟ್ಟವನು ಅದರ ದಂಡವನ್ನು ಮುಂದೆಯೂ ತೆರುತ್ತಾನೆ.

ಹಾಗಾದರೆ ಒಬ್ಬನು ಸಂಯಮದಿಂದ ಎರಡೆಕರೆ ಕಡಿಮೆ ಬಿತ್ತಿದರೆ ದರ ನಿಲ್ಲುವುದೇ? ನಿಲ್ಲದು. "ಎಲ್ಲರೂ ಹಾಕಿದರ ನಾನೇಕ ಬಿಡಬೇಕು?" ಎಂಬ ಪ್ರಶ್ನೆ ನ್ಯಾಯವಾದುದು, ಬರಿಯ ಉಪದೇಶ ಅದಕ್ಕೆ ಉತ್ತರವಾಗದು. ಆದರೂ ತನ್ನ ಹೊಲದ ಮಟ್ಟಿಗೆ ಒಬ್ಬನು ಮಾಡಬಹುದಾದುದಿದೆ: ತೊಗರಿಯನ್ನು ಸೋಯಾ ಅಥವಾ ಉದ್ದಿನ ಸಾಲುಗಳ ನಡುವೆ ಮಿಶ್ರಬೆಳೆಯಾಗಿ ಇರಿಸಿಕೊಂಡರೆ, ಒಂದರ ದರ ಬಿದ್ದ ವರ್ಷ ಮತ್ತೊಂದು ಕೈಹಿಡಿಯುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಜೂನ್ ಮೊದಲಲ್ಲಿಯೇ ತೊಗರಿಬೀಜ ಮುಗಿದುಹೋದರೆ, ಅದು ಹಿಗ್ಗುವ ಸುದ್ದಿಯಲ್ಲ, ಎಚ್ಚರಿಕೆಯ ಸೂಚನೆ.

ಕೇಂದ್ರ ಕೃಷಿ ಸಚಿವಾಲಯವು ಮುಂಗಾರಿನಲ್ಲಿ ವಾರವಾರವೂ ಬಿತ್ತನೆಯ ಕ್ಷೇತ್ರವನ್ನು ಪ್ರಕಟಿಸುತ್ತದೆ. ಆದರೆ ಆ ಅಂಕಿ ನಮ್ಮನ್ನು ತಲುಪುವಾಗ ಬೀಜವು ನೆಲದೊಳಗಿರುತ್ತದೆ. ನಮಗೆ ಬೇಕಾದುದು ಬಿತ್ತುವ ಮುನ್ನಿನ ಅಂಕಿ. ಯಾವ ಊರಿನಲ್ಲಿ ಯಾರು ಎಷ್ಟೆಕರೆ ತೊಗರಿ ಬಿತ್ತಲು ಎಣಿಸಿದ್ದಾರೆಂಬುದನ್ನು ಮೇ ತಿಂಗಳಲ್ಲಿಯೇ ಗ್ರಾಮ ಪಂಚಾಯಿತಿಯ ಮೂಲಕ ಕೇಳಿ ಬರೆದು, ಹಿಂದಿನ ಸಾಲಿನ ಕ್ಷೇತ್ರದೊಡನೆ ಹೋಲಿಸಿ, ಪಂಚಾಯಿತಿಯ ಫಲಕದ ಮೇಲೂ ಎಪಿಎಂಸಿ ಅಂಗಳದಲ್ಲಿಯೂ ಹಚ್ಚುವುದು ದೊಡ್ಡ ವೆಚ್ಚದ ಕೆಲಸವಲ್ಲ. ಒಂದೆರಡು ತಾಲೂಕಿನ ಅಂಕಿಯಿಂದ ದೇಶದ ದರ ತಿಳಿಯದು, ನಿಜ; ಆದರೆ ಕಲಬುರಗಿ, ಲಾತೂರುಗಳವರೆಗೆ ಇದೇ ಕ್ರಮ ಹಬ್ಬಿದರೆ ತೊಗರಿಯ ನಾಡಿನ ಬಹುಭಾಗವು ಕಣ್ಣಿಗೆ ಬಿದ್ದಂತಾಗುತ್ತದೆ. ಎರಡನೆಯದಾಗಿ, ಕೇಂದ್ರ ಸರ್ಕಾರವು ಆಮದಿನ ಮಿತಿ ಮತ್ತು ಸುಂಕವನ್ನು ಜೂನ್‌ಗೆ ಮೊದಲು ಘೋಷಿಸಿ, ರಾಶಿ ಮುಗಿಯುವವರೆಗೆ ಅದನ್ನು ಬದಲಿಸಕೂಡದು. 2023ರಲ್ಲಿ ಮತ್ತೆ ಹತ್ತು ಸಾವಿರ ದಾಟಿದ ತೊಗರಿ, ಸುಂಕವಿಲ್ಲದ ಆಮದು ಮುಂದುವರಿದಿರಲಾಗಿ, 2025ರ ಆರಂಭದಲ್ಲಿ 7,550ರ ಬೆಂಬಲ ಬೆಲೆಗಿಂತ ಕೆಳಗಿಳಿದುದನ್ನು ಕಂಡ ಮೇಲೆಯೂ ಇದನ್ನು ಕೇಳದಿರುವುದು ಸಲ್ಲದು.

ಆದಕಾರಣ ಈ ಎರಡೂ ಬೇಡಿಕೆಗಳನ್ನು, ಡಿಸೆಂಬರ್ ಮೊದಲ ವಾರದಲ್ಲಿಯೇ ಖರೀದಿ ಕೇಂದ್ರಗಳನ್ನು ತೆರೆಯಬೇಕೆಂಬ ಮೂರನೆಯದರೊಡನೆ, ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ಓದಿ ಠರಾವು ಮಾಡಿ, ಬರುವ ಏಪ್ರಿಲ್ ತಿಂಗಳೊಳಗೆ ತಹಶೀಲ್ದಾರರಿಗೂ ಸಹಾಯಕ ಕೃಷಿ ನಿರ್ದೇಶಕರಿಗೂ ಕಳುಹಿಸಬೇಕೆಂದು ತಮ್ಮೆಲ್ಲರಲ್ಲಿ ಪ್ರಾರ್ಥನೆ.