ಒಂದೇ ಮದ್ದು, ನಾಲ್ಕು ಹೆಸರು

ನೆಗಡಿಗೆ ಒಂದು ಮಾತ್ರೆ, ಕೆಮ್ಮಿಗೆ ಒಂದು ಸಿರಪ್, ಬಸ್ ಪ್ರಯಾಣಕ್ಕೆ ಇನ್ನೊಂದು ಮಾತ್ರೆ, ಮೈಕೈ ನೋವಿಗೆ ಮತ್ತೊಂದು. ತೊಂದರೆ ಬೇರೆ ಬೇರೆಯಾದ್ದರಿಂದ ಮದ್ದೂ ಬೇರೆ ಬೇರೆ ಎಂದು ಮನೆಮಂದಿ ನಂಬಿರುತ್ತಾರೆ. ಹೊದಿಕೆಯ ಬಣ್ಣ ಬೇರೆ, ಕಂಪನಿ ಬೇರೆ, ಹೆಸರು ಬೇರೆ. ಒಳಗಿರುವ ನಿದ್ದೆ ತರಿಸುವ ವಸ್ತು ಮಾತ್ರ ಎಷ್ಟೋ ಸಲ ಒಂದೇ ಆಗಿರುತ್ತದೆ.

ಮೈಸೂರಿನ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿರುವ ಹತ್ತೊಂಬತ್ತರ ಹುಡುಗಿಯೊಬ್ಬಳ ಉದಾಹರಣೆ ತೆಗೆದುಕೊಳ್ಳಬಹುದು. ಊರು ಪುತ್ತೂರು. ಸೋಮವಾರ ಹತ್ತು ಗಂಟೆಗೆ ಪರೀಕ್ಷೆ. ವಾರದ ಕೊನೆಗೆ ಊರಿಗೆ ಬಂದವಳಿಗೆ ನೆಗಡಿ, ಕೆಮ್ಮು ಹಿಡಿದುಕೊಂಡಿತು. ಅಂಗಡಿಯಿಂದ ತಂದ ನೆಗಡಿ ಮಾತ್ರೆಯನ್ನು ಭಾನುವಾರ ಬೆಳಿಗ್ಗೆಯಿಂದ ಹೊತ್ತಿಗೊಂದರಂತೆ ನುಂಗಿದಳು. ನಾಲ್ಕು ಗಂಟೆಯ ಬಸ್ಸಿಗೆ ಹೊರಡುವಾಗ ತಾಯಿ, ‘ಸಂಪಾಜೆ ಘಾಟಿಯಲ್ಲಿ ತಲೆ ತಿರುಗಿದರೆ ಕಷ್ಟ, ಇದೊಂದು ತಗೊಂಡು ಹೋಗು’ ಎಂದು ವಾಂತಿ ತಡೆಯುವ ಮಾತ್ರೆ ಕೊಟ್ಟರು. ರಾತ್ರಿ ಹತ್ತಕ್ಕೆ ಹಾಸ್ಟೆಲ್ ತಲುಪಿದವಳು ಎರಡು ಚಮಚ ಕೆಮ್ಮಿನ ಸಿರಪ್ ಕುಡಿದಳು. ತಲೆ ಸಿಡಿಯುತ್ತಿತ್ತು. ಅಮೆರಿಕದಲ್ಲಿರುವ ಚಿಕ್ಕಮ್ಮ ಕಳೆದ ಸಲ ಬಂದಾಗ ಕೊಟ್ಟುಹೋಗಿದ್ದ ನೋವಿನ ಮಾತ್ರೆಯ ಸೀಸೆ ಪೆಟ್ಟಿಗೆಯಲ್ಲಿತ್ತು. ಅದರಿಂದಲೂ ಎರಡು ನುಂಗಿ ಮಲಗಿದಳು.

ಈಗ ಹೊದಿಕೆಗಳನ್ನು ತಿರುಗಿಸಿ ನೋಡಬೇಕು. ಕೆಮ್ಮಿನ ಸಿರಪ್ಪಿನಲ್ಲಿ ಇದ್ದದ್ದು ಡೈಫೆನ್‌ಹೈಡ್ರಮಿನ್. ಈ ಬಗೆಯ ಸಿರಪ್ಪುಗಳಲ್ಲಿ 5 ಮಿ.ಲೀ.ಗೆ ಸುಮಾರು 14 ಮಿಲಿಗ್ರಾಂ ಇರುತ್ತದೆ. ಎರಡು ಚಮಚಕ್ಕೆ 28 ಆಯಿತು. ಪ್ರಯಾಣದ ಮಾತ್ರೆಯ ಮೇಲಿದ್ದ ಹೆಸರು ಡೈಮೆನ್‌ಹೈಡ್ರಿನೇಟ್, 50 ಮಿಲಿಗ್ರಾಂ. ಹೆಸರು ಬೇರೆಯೆಂದು ಇಲ್ಲಿ ಓದು ಬಲ್ಲವರೂ ಮೋಸ ಹೋಗುತ್ತಾರೆ. ಅದು ಡೈಫೆನ್‌ಹೈಡ್ರಮಿನ್ನನ್ನೇ ಇನ್ನೊಂದು ವಸ್ತುವಿನ ಜೊತೆ ಕೂಡಿಸಿ ಮಾಡಿದ ಲವಣ. ಅದರ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 27 ಮಿಲಿಗ್ರಾಂ, ಅದೇ ಹಳೆಯ ಮದ್ದು. ಚಿಕ್ಕಮ್ಮನ ಸೀಸೆಯ ಮೇಲೆ ಹೆಸರಿನ ಪಕ್ಕದಲ್ಲಿ ‘ಪಿಎಂ’ ಎಂಬ ಎರಡಕ್ಷರ ಇತ್ತು. ಅಲ್ಲಿ ಆ ಅಕ್ಷರಗಳಿಗೆ ರಾತ್ರಿ ಹೊತ್ತಿನದು ಎಂದರ್ಥ. ನೋವಿನ ಪ್ಯಾರಾಸಿಟಮಾಲ್ ಜೊತೆಗೆ ನಿದ್ದೆಗಾಗಿ ಡೈಫೆನ್‌ಹೈಡ್ರಮಿನ್ ಮಾತ್ರೆಗೆ 25 ಮಿಲಿಗ್ರಾಂ ಸೇರಿಸಿರುತ್ತಾರೆ. ಎರಡಕ್ಕೆ 50.

28, 27, 50 ಸೇರಿ 105 ಮಿಲಿಗ್ರಾಂ. ಆರೇಳು ತಾಸಿನೊಳಗೆ ಅದು ಹುಡುಗಿಯ ಹೊಟ್ಟೆ ಸೇರಿದೆ. ನಿದ್ದೆ ಬಾರದವರಿಗೆಂದೇ ಮಾರುವ ಮಾತ್ರೆಗಳಲ್ಲಿ ವಯಸ್ಕರಿಗೆ ರಾತ್ರಿಗೆ 50 ಮಿಲಿಗ್ರಾಂ ಮೀರಬಾರದೆಂದು ಬರೆದಿರುತ್ತದೆ. ಒಮ್ಮೆಯೂ ನಿದ್ದೆ ಮಾತ್ರೆ ಕೇಳದ ಹುಡುಗಿ ಅದರ ಎರಡು ಪಾಲು ತೆಗೆದುಕೊಂಡಳು. ಹಗಲೆಲ್ಲ ನುಂಗಿದ ನೆಗಡಿ ಮಾತ್ರೆಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಅವುಗಳಲ್ಲಿದ್ದದ್ದು ಕ್ಲೋರ್‌ಫೆನಿರಮಿನ್, ಒಂದೊಂದರಲ್ಲಿ 2 ಮಿಲಿಗ್ರಾಂ. ಅಂಕಿ ಚಿಕ್ಕದು, ಆದರೆ ಆ ಮದ್ದಿನ ವಾಡಿಕೆಯ ಪ್ರಮಾಣವೇ 4 ಮಿಲಿಗ್ರಾಂ. ಇದು ಡೈಫೆನ್‌ಹೈಡ್ರಮಿನ್ನಿನ ದಾಯಾದಿ. ಹೆಸರು ಬೇರೆ, ಕೆಲಸ ಒಂದೇ.

ಆ ಕೆಲಸ ಯಾವುದು? ನಮ್ಮ ದೇಹದಲ್ಲಿ ಹಿಸ್ಟಮಿನ್ ಎಂಬ ವಸ್ತುವಿದೆ. ಮೂಗಿನಲ್ಲಿ ಅದು ಸೀನು ತರಿಸುತ್ತದೆ, ನೀರು ಸುರಿಸುತ್ತದೆ. ಮಿದುಳಿನಲ್ಲಿ ಅದರ ಕೆಲಸ ನಮ್ಮನ್ನು ಎಚ್ಚರವಾಗಿಡುವುದು. ಮೂಗಿನ ಹಿಸ್ಟಮಿನ್ನನ್ನು ತಡೆಯಲೆಂದು ನುಂಗಿದ ಈ ಹಳೆಯ ಮದ್ದುಗಳು ರಕ್ತದಿಂದ ಮಿದುಳಿನೊಳಕ್ಕೂ ನುಸುಳಿ ಅಲ್ಲಿನದನ್ನೂ ತಡೆಯುತ್ತವೆ. ಹಾಗಾಗಿ ನೆಗಡಿ ಮಾತ್ರೆಯಲ್ಲಿ ಅಡ್ಡಪರಿಣಾಮ ಎನಿಸಿದ ತೂಕಡಿಕೆಯೇ ‘ಪಿಎಂ’ ಮಾತ್ರೆಯಲ್ಲಿ ಮುಖ್ಯ ಗುಣವಾಗಿ ಬೆಲೆ ಕಟ್ಟಿಸಿಕೊಳ್ಳುತ್ತದೆ. ವ್ಯಾಪಾರದ ಜಾಣತನ ಅಂದರೆ ಇದೇ. ಸಿಟ್ರಿಜಿನ್‌ನಂಥ ಹೊಸಬಗೆಯವು ಮಿದುಳಿಗೆ ಹೋಗುವುದು ಕಡಿಮೆ, ಆದರೂ ಕೆಲವರಿಗೆ ಅವೂ ಜೋಂಪು ತರುತ್ತವೆ.

ಸೋಮವಾರ ಬೆಳಿಗ್ಗೆ ಏನಾಯಿತು? ಡೈಫೆನ್‌ಹೈಡ್ರಮಿನ್ ಪ್ರಮಾಣ ವಯಸ್ಕರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂಬತ್ತು ತಾಸು ಬೇಕು. ರಾತ್ರಿ ಹತ್ತಕ್ಕೆ ಮಲಗಿದವಳು ಬೆಳಿಗ್ಗೆ ಏಳಕ್ಕೆ ಎದ್ದಾಗ ಹೆಚ್ಚುಕಡಿಮೆ ಅರ್ಧ ಮದ್ದು ಮೈಯಲ್ಲೇ ಇತ್ತು. ಕ್ಲೋರ್‌ಫೆನಿರಮಿನ್ ಇನ್ನೂ ನಿಧಾನ, ಅರ್ಧವಾಗಲು ಇಪ್ಪತ್ತು ತಾಸಿನಷ್ಟು ಹಿಡಿಯುವುದುಂಟು. ಪರೀಕ್ಷೆಯ ಕೋಣೆಯಲ್ಲಿ ನಾಲಿಗೆ ಒಣಗುತ್ತದೆ, ಅಕ್ಷರ ಮಂಜಾಗುತ್ತದೆ, ಓದಿದ್ದು ನೆನಪಿಗೆ ಬರುವುದಿಲ್ಲ. ಮನೆಯವರು ಇದನ್ನು ಪರೀಕ್ಷೆಯ ಭಯ ಎಂದುಕೊಳ್ಳುತ್ತಾರೆ. ಇಲ್ಲವೇ ನೆಗಡಿಯ ಆಯಾಸ ಎಂದು ಮತ್ತೊಂದು ಮಾತ್ರೆ ಕೊಡುತ್ತಾರೆ. ತನಗೆ ಮಂಪರಿಲ್ಲ ಎಂದು ಅನಿಸಿದವರಲ್ಲೂ ಕೈಕಾಲಿನ ಚುರುಕು ಕುಗ್ಗಿರುವುದುಂಟು. ಆ ದಿನ ಸ್ಕೂಟರ್ ಓಡಿಸದಿರುವುದೇ ಲೇಸು.

ಆರೋಗ್ಯವಂತ ವಯಸ್ಕರ ಜೀವಕ್ಕೆ ಇಷ್ಟರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಇದೇ ಕೂಡಿಕೆ ಮನೆಯ ಅಜ್ಜನ ಹೊಟ್ಟೆ ಸೇರಿದರೆ ಮಾತು ತಡಬಡಿಸಬಹುದು, ಮೂತ್ರ ಕಟ್ಟಬಹುದು, ರಾತ್ರಿ ಎದ್ದಾಗ ಬೀಳಬಹುದು. ಚಿಕ್ಕ ಮಕ್ಕಳಲ್ಲಿ ಇನ್ನೊಂದು ವಿಚಿತ್ರ ಉಂಟು. ಕೆಲವು ಮಕ್ಕಳು ನಿದ್ದೆ ಹೋಗುವ ಬದಲು ರೊಚ್ಚಿಗೆದ್ದು ಅಳುತ್ತವೆ, ಹೊರಳಾಡುತ್ತವೆ. ಮದ್ದು ಸಾಲದೆಂದು ತಿಳಿದು ಇನ್ನೊಂದು ಚಮಚ ಹಾಕಿದರೆ ಅನಾಹುತ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ನೆಗಡಿ ಮದ್ದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಹೊದಿಕೆಯ ಮೇಲೆ ಮುದ್ರಿಸುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಕಂಪನಿಗಳಿಗೆ ಸೂಚಿಸಿದ್ದಾರೆ.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ದೊಡ್ಡಕ್ಷರದ ಹೆಸರನ್ನು ಬಿಟ್ಟು, ಒಂದೊಂದು ಮಾತ್ರೆಯಲ್ಲಿ ಏನೇನು ಎಷ್ಟಿದೆ ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವುದನ್ನು ಓದಬೇಕು. ಒಂದೇ ಹೆಸರಿನ ಮುಂದೆ ‘ಪ್ಲಸ್’, ‘ಕೋಲ್ಡ್’ ಎಂದು ಸೇರಿಸಿದರೆ ಒಳಗಿನ ಸರಕು ಬದಲಾಗಿರುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ನಾಲ್ಕೇ ಮಾತ್ರೆ ಸಾಕೆಂದರೆ ಅಂಗಡಿಯವರು ಹಾಳೆಯನ್ನು ಕತ್ತರಿಸಿ ಕೊಡುತ್ತಾರೆ. ವಿವರ ಅಚ್ಚಾದ ಭಾಗ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಅಂಥ ತುಂಡನ್ನು ತಂದರೆ ಒಳಗಿರುವ ಮದ್ದಿನ ಹೆಸರನ್ನು ಅಲ್ಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಡೈಫೆನ್‌ಹೈಡ್ರಮಿನ್, ಡೈಮೆನ್‌ಹೈಡ್ರಿನೇಟ್, ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್, ಡಾಕ್ಸಿಲಮಿನ್, ಈ ಐದರಲ್ಲಿ ಯಾವುದಾದರೂ ಒಂದು ಮೈ ಸೇರಿದ್ದರೆ ಅದೇ ಹೆಸರಿನದಾಗಲಿ, ಉಳಿದ ನಾಲ್ಕರಲ್ಲಿ ಒಂದಾಗಲಿ ವೈದ್ಯರನ್ನು ಕೇಳದೆ ಸೇರಿಸುವಂತಿಲ್ಲ. ತುರಿಕೆಗೆ ಹಚ್ಚುವ ಕೆಲವು ದ್ರಾವಣಗಳಲ್ಲೂ ಡೈಫೆನ್‌ಹೈಡ್ರಮಿನ್ ಇರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಪ್ಯಾರಾಸಿಟಮಾಲ್‌ಗೂ ಇದೇ ಲೆಕ್ಕ. ಆ ಹುಡುಗಿಯ ನೆಗಡಿ ಮಾತ್ರೆಯಲ್ಲೂ ‘ಪಿಎಂ’ ಮಾತ್ರೆಯಲ್ಲೂ ಅದು ಇತ್ತು.

ಕರೆದರೂ ಎಚ್ಚರವಾಗದಿರುವುದು, ಏನೇನೋ ಮಾತನಾಡುವುದು, ಇಲ್ಲದ್ದನ್ನು ಕಾಣುವುದು, ಕಣ್ಣಿನ ಪಾಪೆ ದೊಡ್ಡದಾಗುವುದು, ಮೈ ಬೆವರಿಲ್ಲದೆ ಕಾಯುವುದು, ಎದೆ ಡವಗುಟ್ಟುವುದು ಕಂಡುಬಂದರೆ ಪ್ರಮಾಣ ಮೀರಿದೆ ಎಂದರ್ಥ. ಬೆರಳು ಹಾಕಿ ವಾಂತಿ ಮಾಡಿಸಬಾರದು, ಮಂಪರಿನಲ್ಲಿರುವವರಿಗೆ ಕಾಫಿ ಕುಡಿಸಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಗುವಾಗ ಆ ದಿನ ಬಳಸಿದ ಎಲ್ಲ ಸೀಸೆ, ಹಾಳೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಬೇಕು. ಖಾಲಿಯಾದವನ್ನೂ ಬಿಡುವಂತಿಲ್ಲ, ಎಷ್ಟು ಹೋಗಿದೆ ಎಂದು ವೈದ್ಯರು ಲೆಕ್ಕ ಹಾಕುವುದು ಅವುಗಳಿಂದಲೇ.