ಮೊದಲ ಇಂಟರ್ನ್‌ಶಿಪ್‌ಗೆ ಗುಡಗೇರಿಯಿಂದ ಹುಬ್ಬಳ್ಳಿ ಸಾಕು

ಪತ್ರಿಕೋದ್ಯಮ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರು ಎರಡನೇ ವರ್ಷಕ್ಕೆ ಬಂದ ಕೂಡಲೇ ಬೆಂಗಳೂರಿನ ಟಿವಿ ಚಾನೆಲ್‌ಗಳಿಗೆ ಇಮೇಲ್ ಕಳಿಸಿ ಕಾಯುತ್ತ ಕೂಡುತ್ತಾರೆ. ಹೆಚ್ಚಿನವಕ್ಕೆ ಉತ್ತರ ಬರುವುದಿಲ್ಲ. ಬಂತು ಅಂತಲೇ ಇಟ್ಟುಕೊಳ್ಳಿ, ಮೊದಲ ಇಂಟರ್ನ್‌ಶಿಪ್‌ಗೆ ಸಂಬಳ ಕೊಡುವವರು ಕಡಿಮೆ. ಪಿ.ಜಿ. ಬಾಡಿಗೆ, ಊಟ, ಬಸ್ಸು ಎಲ್ಲ ಅಪ್ಪನ ತಲೆ ಮೇಲೆ. ನನ್ನ ಮಟ್ಟಿಗೆ ಗುಡಗೇರಿಯ ವಿದ್ಯಾರ್ಥಿ ಮೊದಲು ನೋಡಬೇಕಾದ್ದು ಹುಬ್ಬಳ್ಳಿ. ಊರಲ್ಲೇ ರೈಲು ನಿಲ್ದಾಣ ಇದೆ, ತಿಂಗಳ ಪಾಸ್ ಮಾಡಿಸಿದರೆ ಮನೆ ಊಟ ಕಟ್ಟಿಕೊಂಡು ಹೋಗಿ ಬರಬಹುದು.

ಹುಬ್ಬಳ್ಳಿಯಿಂದ ಸಂಯುಕ್ತ ಕರ್ನಾಟಕ, ಪ್ರಜಾವಾಣಿ, ವಿಜಯ ಕರ್ನಾಟಕ, ವಿಜಯವಾಣಿ, ಉದಯವಾಣಿ ಆವೃತ್ತಿಗಳು ಬರುತ್ತವೆ. ಧಾರವಾಡದಲ್ಲಿ ಆಕಾಶವಾಣಿ ಇದೆ, ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿಯೂ ಇದೆ. ಪತ್ರಿಕೆಯ ಜಿಲ್ಲಾ ಪುಟಗಳಿಗೆ ದಿನವೂ ಊರುಗಳ ಸುದ್ದಿ ಬೇಕು. ಒಂದು ತಾಲ್ಲೂಕಿಗೆ ಇರುವವನು ಸಾಮಾನ್ಯವಾಗಿ ಒಬ್ಬನೇ ಸುದ್ದಿಗಾರ, ಅವನು ಕುಂದಗೋಳದಲ್ಲಿ ತಹಶೀಲ್ದಾರರ ಸಭೆಗೆ ಹೋದ ದಿನ ಗುಡಗೇರಿ, ಸಂಶಿ ಕಡೆ ನೋಡುವವರಿಲ್ಲ. ನಿಮಗೆ ಜಾಗ ಇರುವುದು ಅಲ್ಲಿ.

ಕಚೇರಿಗೆ ಇಮೇಲ್‌ಗಿಂತ ನೀವೇ ಹೋಗುವುದು ಒಳ್ಳೆಯದು. ಕಾಲೇಜಿನ ವಿಭಾಗ ಮುಖ್ಯಸ್ಥರ ಪತ್ರ ಕೈಯಲ್ಲಿರಲಿ, ಅದರಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅನ್ನುವುದು ಬರೆದಿರಲಿ. ಮಧ್ಯಾಹ್ನದ ಹೊತ್ತಿಗೆ ಹೋಗಿ ಬ್ಯೂರೋ ಮುಖ್ಯಸ್ಥರನ್ನು ಕೇಳಿ. ಮುಂಜಾನೆ ಡೆಸ್ಕ್ ಖಾಲಿ ಇರುತ್ತದೆ, ಸಂಜೆ ಪುಟ ಕಟ್ಟುವ ಗಡಿಬಿಡಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಹೋದರೆ ತಡ, ಎಲ್ಲ ಕಾಲೇಜಿನವರೂ ಅದೇ ವಾರ ಬಂದಿರುತ್ತಾರೆ. ಒಂದೂವರೆ ಎರಡು ತಿಂಗಳು ಮೊದಲೇ ಮುಖ ತೋರಿಸಿ ಬನ್ನಿ.

ಅಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಏನ್ ಬರ್ತೈತವ್ವಾ ನಿನಗ?" ಬಯೋಡೇಟಾ ಇದಕ್ಕೆ ಉತ್ತರ ಕೊಡಬೇಕು. ಈಗ ಬಹಳ ಜನ ಬರೆಯುವುದು ಎಸ್ಸೆಸ್ಸೆಲ್ಸಿ ಅಂಕ, ಹವ್ಯಾಸ ಓದುವುದು, ಕಷ್ಟಪಟ್ಟು ದುಡಿಯುವ ಗುಣ. ಉಪಸಂಪಾದಕನಿಗೆ ಇದರಿಂದ ಏನೂ ತಿಳಿಯುವುದಿಲ್ಲ.

ಗುಡಗೇರಿಯ ಒಬ್ಬ ಹುಡುಗಿ, ಬಿ.ಎ. ನಾಲ್ಕನೇ ಸೆಮಿಸ್ಟರ್, ಎಲ್ಲಿಯೂ ಕೆಲಸ ಮಾಡಿಲ್ಲ ಅಂದುಕೊಳ್ಳಿ. ಆಕೆ ಒಂದೇ ಪುಟದಲ್ಲಿ ಹೀಗೆ ಬರೆಯಬಹುದು: ಕನ್ನಡ ಟೈಪಿಂಗ್, ನುಡಿ ಮತ್ತು ಯೂನಿಕೋಡ್ ಎರಡೂ, ಅರ್ಧ ಗಂಟೆಗೆ ಇಷ್ಟು ಪದ. ಮೊಬೈಲ್‌ನಲ್ಲಿ ಫೋಟೊ, ಒಂದು ನಿಮಿಷದ ವಿಡಿಯೊ ಎಡಿಟಿಂಗ್. ಗುಡಗೇರಿ ಸುತ್ತಿನ ಊರುಗಳಿಗೆ ಸ್ವಂತವಾಗಿ ಹೋಗಿ ಬರಬಲ್ಲೆ. ಎರಿ ಹೊಲದ ಬೆಳೆ, ಹೆಸರು, ಹತ್ತಿ, ಮೆಣಸಿನಕಾಯಿ ವ್ಯವಹಾರ ಗೊತ್ತು. ಈ ಕೊನೆಯದು ಬಯೋಡೇಟಾದಲ್ಲಿ ಬರೆಯುವ ಮಾತೇ ಅಲ್ಲ ಅಂತ ಅನೇಕರಿಗೆ ಅನಿಸುತ್ತದೆ. ಹುಬ್ಬಳ್ಳಿ ಪೇಟೆಯಲ್ಲಿ ಬೆಳೆದ ಹುಡುಗನ ಹತ್ತಿರ ಇಲ್ಲದ್ದು ಅದೇ.

ಅದರ ಕೆಳಗೆ ಬರೆದ ವರದಿಗಳು ಎರಡು ಮೂರು ಇರಲಿ. ಅಚ್ಚಾಗಿರಬೇಕು ಅಂತೇನಿಲ್ಲ. ಹೆಸರು ಒಕ್ಕಣೆಯ ಹೊತ್ತಿನಲ್ಲಿ ಬೆಂಬಲ ಬೆಲೆ ಖರೀದಿ ಕೇಂದ್ರ ತಡವಾಗಿ ತೆರೆದರೆ ಊರಲ್ಲಿ ಏನಾಗುತ್ತದೆ ಅನ್ನುವುದನ್ನೇ ತೆಗೆದುಕೊಳ್ಳಿ. ಮೂವರು ರೈತರನ್ನು ಕೇಳಿ, ಯಾವ ದಿನ ರಾಶಿ ಆಯಿತು, ಯಾವ ದಿನ ಯಾವ ದರಕ್ಕೆ ಮಾರಿದಿರಿ, ಯಾಕೆ ಕಾಯಲಿಲ್ಲ. ಸಾಲದ ಕಂತು, ಬೀಜ ಗೊಬ್ಬರದ ಖರ್ಚು, ಇಡಲು ಜಾಗ ಇಲ್ಲದ್ದು, ಕಾಳಿನ ತೇವ, ಕಾರಣ ಒಬ್ಬೊಬ್ಬರದು ಒಂದೊಂದು ಇರುತ್ತದೆ. ಆಮೇಲೆ ಕೇಂದ್ರದ ಸಿಬ್ಬಂದಿಯ ಮಾತೂ ಬೇಕು, ಅದಿಲ್ಲದ ವರದಿಯನ್ನು ಡೆಸ್ಕ್ ವಾಪಸ್ ಕೊಡುತ್ತದೆ. 200 ಪದ ಸಾಕು. ಭಾಷಣ ಸ್ಪರ್ಧೆಯ ಪ್ರಮಾಣಪತ್ರ ಹತ್ತು ಇಡುವುದಕ್ಕಿಂತ ಇಂಥದ್ದೊಂದು ಮೇಲು.

ವರದಿ ಕಳಿಸುವಾಗ ಒಂದು ಗುಂಡಿ ಇದೆ. ನುಡಿಯ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ಕಡತ ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಓದುವವರು ಮುಚ್ಚಿಬಿಡುತ್ತಾರೆ, ನಿಮಗೆ ಹೇಳುವುದೂ ಇಲ್ಲ. ಯೂನಿಕೋಡ್‌ಗೆ ಬದಲಿಸಿ, ಮೊದಲು ಗೆಳತಿಯ ಫೋನಿಗೆ ಕಳಿಸಿ ತೆರೆದು ನೋಡಿ.

ಹೆಣ್ಣುಮಕ್ಕಳ ಮನೆಯಲ್ಲಿ ಬರುವ ಪ್ರಶ್ನೆ ಬೇರೆ. ಡೆಸ್ಕ್ ಕೆಲಸ ರಾತ್ರಿಯವರೆಗೆ, ಗುಡಗೇರಿಗೆ ಆ ಹೊತ್ತಿನಲ್ಲಿ ಬರುವುದು ಹೇಗೆ? ಇದನ್ನು ಮೊದಲ ದಿನವೇ ಬಾಯಿ ಬಿಟ್ಟು ಕೇಳಿ. ವರದಿಗಾರರ ಜೊತೆ ಹಗಲು ಕೆಲಸ ಅಥವಾ ಪುರವಣಿ ವಿಭಾಗ ಕೊಡಿ, ಇಷ್ಟು ಗಂಟೆಗೆ ಹೊರಡಬೇಕು ಅನ್ನಿ. ಸಂಬಳ ಕೊಡದ ಕಚೇರಿ ಪಾಸಿನ ದುಡ್ಡನ್ನಾದರೂ ಕೊಡಬೇಕು ಅನ್ನುವುದು ನನ್ನ ವಾದ. ಕೇಳಿದರೆ ಕೆಲವರು ಕೊಡಬಹುದು, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಇಂಟರ್ನ್‌ಶಿಪ್‌ಗೆ ನಿಮ್ಮಿಂದಲೇ ನೋಂದಣಿ ಶುಲ್ಕ ಕೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಸೇರಿದ ಮೇಲೆ ನಿಮ್ಮ ವರದಿ ಅಚ್ಚಾದ ದಿನದ ಪತ್ರಿಕೆ ಎತ್ತಿಡಿ. ಹೆಸರು ಹಾಕದಿದ್ದರೂ ತಾರೀಖು, ಪುಟ ಸಂಖ್ಯೆ ಬರೆದಿಟ್ಟು, ಕೊನೆಯ ದಿನ ಪ್ರಮಾಣಪತ್ರ ಕೊಡುವಾಗ ಆ ಪಟ್ಟಿಗೂ ಸಹಿ ಹಾಕಿಸಿಕೊಳ್ಳಿ.